ಅಜ್ಜಿಯ ನುಡಿನಮನ: ಕತೆ ಉಳಿಯಲಿ, ಕಣ್ಣೀರಿನ ಮಾತು ಇಳಿಯಲಿ

ವೈಕುಂಠ ಸಮಾರಾಧನೆಯ ದಿನ, ಊಟಕ್ಕೆ ಎಲೆ ಹಾಕುವ ಮೊದಲು, ಮೊಮ್ಮಗನೊಬ್ಬ ಎದ್ದು ನಿಂತು ಅಜ್ಜಿಯ ಬಗ್ಗೆ ಬರೆದುಕೊಂಡು ಬಂದದ್ದನ್ನು ಓದುತ್ತಾನೆ. ಶಿರಸಿ ಸೀಮೆಯಲ್ಲಿ ಈಗ ಇದು ಸಾಮಾನ್ಯ. ಎರಡು ನಿಮಿಷ ಎಲ್ಲರೂ ಕಿವಿಗೊಟ್ಟು ಕೇಳುತ್ತಾರೆ. ನಾಲ್ಕನೇ ನಿಮಿಷಕ್ಕೆ ಹಿಂದಿನ ಸಾಲಿನವರು ಅಡಿಕೆ ದರ ಮಾತಾಡಲು ಶುರು ಮಾಡುತ್ತಾರೆ. ಕೇಳುವವರಿಗೆ ದುಃಖ ಇಲ್ಲ ಅಂತಲ್ಲ. ಅವನು ಒಂದೇ ಮಾತನ್ನು ಐದು ಸಲ ಹೇಳುತ್ತಿದ್ದಾನೆ, ಅಷ್ಟೇ.

ಇವತ್ತು ಅಂಥ ಒಂದು ಬರಹವನ್ನು ತಿದ್ದುವುದು ಹೇಗೆ ಅಂತ ನೋಡೋಣ. ತೋರಿಸಲಿಕ್ಕೆ ಅಂತಲೇ ಕಟ್ಟಿದ ಕರಡು ಇದು, ಯಾರ ಮನೆಯದ್ದೂ ಅಲ್ಲ. ಆದರೆ ಇಂಥದ್ದನ್ನು ನೀವೆಲ್ಲ ಕೇಳಿರುತ್ತೀರಿ. ಸುಮಾರು 900 ಪದ. ಸಭೆಯಲ್ಲಿ ನಿಧಾನವಾಗಿ ಓದಿದರೆ ಕನ್ನಡ ನಿಮಿಷಕ್ಕೆ ನೂರು ಪದದ ಆಸುಪಾಸು ಹೋಗುತ್ತದೆ, ಅಂದರೆ ಒಂಬತ್ತು ನಿಮಿಷ. ನಮಗೆ ಬೇಕಾದ್ದು ಐದು.

ಕರಡಿನ ಎರಡನೇ ಪ್ಯಾರಾ ಹೀಗಿದೆ, ಕೇಳಿ:

“ನಮ್ಮ ಅಮ್ಮಮ್ಮ ಮಮತೆಯ ಸಾಗರವಾಗಿದ್ದರು. ಅತಿಥಿಗಳನ್ನು ದೇವರಂತೆ ಕಾಣುತ್ತಿದ್ದರು. ಯಾರೇ ಮನೆಗೆ ಬಂದರೂ ಬರಿಹೊಟ್ಟೆಯಲ್ಲಿ ಕಳಿಸುತ್ತಿರಲಿಲ್ಲ. ಒಮ್ಮೆ ದೇವಿಮನೆ ಘಟ್ಟದಲ್ಲಿ ಬಸ್ಸು ಕೆಟ್ಟು ನಿಂತಾಗ ರಾತ್ರಿ ಹನ್ನೊಂದು ಗಂಟೆಗೆ ಏಳು ಜನರಿಗೆ ಅಡುಗೆ ಮಾಡಿ ಬಡಿಸಿದ್ದರು. ಅಂಥ ಅನ್ನಪೂರ್ಣೆ ಅವರು. ಅವರ ಕೈರುಚಿ ಮರೆಯಲಾಗದು. ಹಸಿದವರಿಗೆ ಅನ್ನ ನೀಡುವುದೇ ಅವರ ಜೀವನದ ಧರ್ಮವಾಗಿತ್ತು.”

ಏಳು ವಾಕ್ಯ. ಏನಾದರೂ ನಡೆದದ್ದು ಒಂದೇ ಒಂದು ವಾಕ್ಯದಲ್ಲಿ, ಬಸ್ಸು ಕೆಟ್ಟದ್ದು. ಉಳಿದ ಆರೂ ಒಂದೇ ಮಾತು, ಅಜ್ಜಿ ಊಟ ಹಾಕುತ್ತಿದ್ದಳು. ಮುಂದೆ ಐದನೇ ಪ್ಯಾರಾದಲ್ಲಿ ಮತ್ತೆ “ಅನ್ನಪೂರ್ಣೆ” ಬರುತ್ತಾಳೆ, ಕೊನೆಯ ಪ್ಯಾರಾದಲ್ಲಿ ಇನ್ನೊಮ್ಮೆ. ಬರೆದವನು ಪ್ರತಿ ಸಲ ನೆನಪಾದಾಗ ಬರೆದಿದ್ದಾನೆ. ಹದಿಮೂರು ದಿನದ ಗಡಿಬಿಡಿಯಲ್ಲಿ ಹಾಗಾಗುವುದು ಸಹಜ.

ಮೊದಲ ಕೆಲಸ ಕಾಗದದ ಮೇಲೆ ಆಗಬೇಕು. ಮೊಬೈಲಿನಲ್ಲಿ ಬೇಡ, ಪ್ರಿಂಟ್ ತೆಗೆಯಿರಿ. ಎರಡು ಪೆನ್ನು ಸಾಕು. ಯಾವುದೋ ಒಂದು ದಿನ ಯಾರೋ ಏನೋ ಮಾಡಿದ ವಾಕ್ಯಕ್ಕೆ ನೀಲಿ ಗೆರೆ. ಹೊಗಳಿದ, ಮರುಗಿದ ವಾಕ್ಯಕ್ಕೆ ಕೆಂಪು ಗೆರೆ. ಆಮೇಲೆ ಪ್ರತಿ ಕೆಂಪು ವಾಕ್ಯದ ಪಕ್ಕದಲ್ಲಿ, ಅದು ಯಾವ ಗುಣದ ಬಗ್ಗೆ ಹೇಳುತ್ತದೋ ಅದನ್ನು ಒಂದೇ ಪದದಲ್ಲಿ ಬರೆಯಿರಿ. ನಮ್ಮ ಕರಡಿನಲ್ಲಿ ಇಪ್ಪತ್ತಾರು ಕೆಂಪು ವಾಕ್ಯ ಸಿಕ್ಕಿತು. ಪಕ್ಕದಲ್ಲಿ ಬರೆದ ಪದ ಮಾತ್ರ ನಾಲ್ಕೇ: ಅನ್ನ, ನೆನಪು, ಹಟ, ಕಷ್ಟ. ಇಡೀ ಭಾಷಣ ಈ ನಾಲ್ಕರ ಸುತ್ತ ಗಾಣದೆತ್ತಿನ ಹಾಗೆ ತಿರುಗುತ್ತಿದೆ ಅಂತ ಅಲ್ಲೇ ಕಾಣುತ್ತದೆ.

ಒಂದೊಂದು ಪದಕ್ಕೂ ಒಂದು ನೀಲಿ ವಾಕ್ಯ ಇಟ್ಟುಕೊಳ್ಳಿ, ಕೆಂಪಿನದ್ದನ್ನು ಹೊಡೆಯಿರಿ. ಯಾವ ಪದಕ್ಕೆ ನೀಲಿ ವಾಕ್ಯವೇ ಇಲ್ಲವೋ ಅದಕ್ಕೆ ಕತೆ ಹುಡುಕಬೇಕು, ಮನೆಯಲ್ಲಿ ಕೇಳಬೇಕು. ಸಿಗಲಿಲ್ಲವೋ, ಆ ಗುಣವನ್ನೇ ಬಿಡಿ. ಇಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಠಿಣ. ಪಕ್ಕದ ಮನೆ ಅಜ್ಜಿಗೂ ಹೊಂದುವ ವಾಕ್ಯ ನಿಮ್ಮ ಅಜ್ಜಿಯದ್ದಲ್ಲ. “ತ್ಯಾಗಮಯಿ”, “ತುಂಬಲಾರದ ನಷ್ಟ”, “ಮಮತೆಯ ಸಾಗರ” ಇವೆಲ್ಲ ಪೇಪರಿನ ಶ್ರದ್ಧಾಂಜಲಿ ಜಾಹೀರಾತಿನಿಂದ ಸಾಲ ತಂದದ್ದು.

ಈಗ ಆ ಒಂದು ನೀಲಿ ವಾಕ್ಯಕ್ಕೆ ಬರೋಣ. ಬಸ್ಸಿನ ಕತೆ ಕರಡಿನಲ್ಲಿ ಹಸಿದು ಬಡಕಲಾಗಿದೆ. ಸುತ್ತಲಿನ ಹೊಗಳಿಕೆ ಅದರ ಜಾಗ ತಿಂದಿದೆ. ಬರೆದವನು ಆಗ ಹುಟ್ಟಿರಲಿಲ್ಲ ಅಂತ ಇಟ್ಟುಕೊಳ್ಳಿ, ಆದ್ದರಿಂದ ಅಮ್ಮನನ್ನೋ ದೊಡ್ಡಮ್ಮನನ್ನೋ ಕೇಳಬೇಕು. “ಅಮ್ಮಮ್ಮ ಹೇಗಿದ್ದಳು” ಅಂತ ಕೇಳಿದರೆ ಮತ್ತೆ ಸಾಗರವೇ ಬರುತ್ತದೆ. ಸಣ್ಣ ಪ್ರಶ್ನೆ ಕೇಳಿ. ಅಷ್ಟು ಹೊತ್ತಿಗೆ ಅನ್ನ ಇತ್ತಾ? ಏನು ಬಡಿಸಿದಳು? ಬಂದವರಿಗೆ ಮೊದಲು ಏನು ಹೇಳಿದಳು? ಅವರಲ್ಲಿ ಯಾರಾದರೂ ಮತ್ತೆ ಬಂದಿದ್ದರಾ?

ಉತ್ತರ ಸಿಕ್ಕ ಮೇಲೆ ಪ್ಯಾರಾ ಹೀಗಾಗುತ್ತದೆ:

“ಒಂದು ಮಳೆಗಾಲ ದೇವಿಮನೆ ಘಟ್ಟದಲ್ಲಿ ಬಸ್ಸು ಕೆಟ್ಟಿತು. ರಾತ್ರಿ ಹನ್ನೊಂದಕ್ಕೆ ಏಳು ಜನ ನಮ್ಮನೆ ಅಂಗಳಕ್ಕೆ ಬಂದು ನಿಂತರು. ಯಾರು, ಎಲ್ಲಿಯವರು ಅಂತ ಅಮ್ಮಮ್ಮ ಕೇಳಲಿಲ್ಲ. ‘ಆಸ್ರಿಗೆ ಎಂತ ಬೇಕು?’ ಅಂದಳು. ಆರಿದ್ದ ಒಲೆ ಮತ್ತೆ ಹೊತ್ತಿಸಿ ಅನ್ನಕ್ಕಿಟ್ಟಳು. ಅನ್ನ, ಮಜ್ಜಿಗೆ, ಮಿಡಿ ಉಪ್ಪಿನಕಾಯಿ. ಬಸ್ಸಿನಲ್ಲೇ ಕೂತಿದ್ದ ಡ್ರೈವರಿಗೆ ಡಬ್ಬಿ ಹೋಯಿತು. ಮೂರನೇ ದಿನ ಡಬ್ಬಿ ವಾಪಸ್ ಬಂತು, ಒಳಗೆ ನಾಲ್ಕು ಬಾಳೆಹಣ್ಣು.”

ಉದ್ದ ಕಡಿಮೆಯಾಗಲಿಲ್ಲ, ಗಮನಿಸಿದಿರಾ? ಸ್ವಲ್ಪ ಹೆಚ್ಚೇ ಆಯಿತು. ಉಳಿತಾಯ ಆದದ್ದು ಬೇರೆ ಕಡೆ. ಐದನೇ ಪ್ಯಾರಾದ ಅನ್ನಪೂರ್ಣೆಯೂ ಕೊನೆಯ ಪ್ಯಾರಾದ ಅನ್ನಪೂರ್ಣೆಯೂ ಈಗ ಬೇಕಾಗಿಲ್ಲ. ತಿದ್ದುವುದು ಅಂದರೆ ಎಲ್ಲ ಪ್ಯಾರಾವನ್ನೂ ಒಂದೇ ಅಳತೆಗೆ ಕತ್ತರಿಸುವುದು ಅಂತ ತಿಳಿದವರು ಇಲ್ಲೇ ಎಡವುತ್ತಾರೆ. ಕತೆಯಿಂದಲೂ ಎರಡು ಸಾಲು, ಹೊಗಳಿಕೆಯಿಂದಲೂ ಎರಡು ಸಾಲು ತೆಗೆಯುತ್ತಾರೆ. ಕೊನೆಗೆ ಉಳಿಯುವುದು ಬಯೋಡಾಟಾ.

ಇನ್ನೊಂದು ಬದಲಾವಣೆ ಕ್ರಿಯಾಪದದಲ್ಲಿ ಆಗಿದೆ. ಕರಡಿನ ತುಂಬ “ಮಾಡುತ್ತಿದ್ದರು, ಕೊಡುತ್ತಿದ್ದರು, ಹೇಳುತ್ತಿದ್ದರು”. ಕಿವಿಗೆ ಅದು ಒಂದೇ ತಾಳ, ನಿದ್ದೆ ಬರಿಸುತ್ತದೆ. “ಕೇಳಲಿಲ್ಲ, ಅಂದಳು, ಅನ್ನಕ್ಕಿಟ್ಟಳು” ಅಂದ ಕೂಡಲೇ ಅದು ಒಂದು ರಾತ್ರಿಯ ಕತೆಯಾಗುತ್ತದೆ. ಆದರೆ ನಿಜಕ್ಕೂ ಒಂದು ದಿನ ನಡೆದದ್ದನ್ನು ಮಾತ್ರ ಹೀಗೆ ಬದಲಿಸಿ. ದಿನಾ ನಡೆಯುತ್ತಿದ್ದ ರೂಢಿಯನ್ನು ಒಂದು ದಿನದ ಘಟನೆ ಮಾಡಿ ಹೇಳಿದರೆ ಎದುರಿಗೆ ಕೂತ ದೊಡ್ಡಮ್ಮನಿಗೆ ಗೊತ್ತಾಗಿಯೇ ಆಗುತ್ತದೆ.

“ಅವರು” ಯಾಕೆ “ಅವಳು” ಆಯಿತು? ಹವ್ಯಕರ ಮನೆಮಾತಿನಲ್ಲಿ ಅಮ್ಮಮ್ಮ “ಬಂತು”, “ಹೇಳ್ತು”, ಹೆಂಗಸರಿಗೂ ನಪುಂಸಕಲಿಂಗವೇ. ಅದನ್ನು ಹಾಗೇ ಓದಿದರೆ ಹೊರಗಿನಿಂದ ಬಂದವರು ತಬ್ಬಿಬ್ಬಾಗುತ್ತಾರೆ. “ಅವರು” ಅಂದರೆ ಮನೆಯವರಿಗೇ ಯಾರೋ ಅಧ್ಯಕ್ಷರ ಬಗ್ಗೆ ಕೇಳಿದ ಹಾಗಾಗುತ್ತದೆ. “ಅವಳು” ನಡುವಿನ ದಾರಿ. ನಿಮ್ಮ ಮನೆಯಲ್ಲಿ ಹಿರಿಯರಿಗೆ ಅದು ಸರಿ ಕಾಣದಿದ್ದರೆ “ಅವರು” ಇರಲಿ, ತಪ್ಪೇನಿಲ್ಲ. ಒಂದೇ ಪ್ಯಾರಾದಲ್ಲಿ ಎರಡೂ ಬರಬಾರದು, ಅಷ್ಟೇ. ಅಜ್ಜಿಯ ಬಾಯಿಂದ ಬಂದ ಮಾತನ್ನು ಮಾತ್ರ ಮುಟ್ಟಬೇಡಿ. “ಆಸ್ರಿಗೆ ಎಂತ ಬೇಕು” ಅನ್ನುವುದನ್ನು “ಕುಡಿಯಲು ಏನು ಕೊಡಲಿ” ಅಂತ ತಿದ್ದಿದರೆ ಅಜ್ಜಿಯನ್ನೇ ಅಳಿಸಿದ ಹಾಗೆ.

ನೆನಪಿನ ಕತೆಗೆ ಬರೋಣ. ಕರಡಿನಲ್ಲಿ “ಅಗಾಧ ನೆನಪಿನ ಶಕ್ತಿ” ಮೂರು ಸಲ ಇದೆ. ಅದರ ಅಡಿಯಲ್ಲಿ ಹೂತುಹೋದ ಕತೆ ಇದು: ಅಮ್ಮಮ್ಮ ವರ್ಷವನ್ನು ಮಾರಿಕಾಂಬಾ ಜಾತ್ರೆಯಲ್ಲಿ ಎಣಿಸುತ್ತಿದ್ದಳು. “ನೀ ಹುಟ್ಟಿ ಹದಿಮೂರು ಜಾತ್ರೆ ಆತು” ಅಂದರೆ ಮೊಮ್ಮಗನಿಗೆ ಇಪ್ಪತ್ತಾರು. ಚೆನ್ನಾಗಿದೆ. ತಿದ್ದುವಾಗ ಏನು ತಪ್ಪಾಗುತ್ತದೆ ನೋಡಿ. ಶಿರಸಿ ಜಾತ್ರೆ ಎರಡು ವರ್ಷಕ್ಕೊಮ್ಮೆ ಅಂತ ಯಾರಿಗೆ ಗೊತ್ತಿಲ್ಲ ಅಂದುಕೊಂಡು ಆ ಸಾಲು ಹೊಡೆಯುತ್ತಾರೆ. ಬೆಂಗಳೂರಿನಿಂದ ಬಂದ ಅರ್ಧ ಸಭೆಗೆ ಲೆಕ್ಕ ತಿಳಿಯುವುದಿಲ್ಲ, ನಗು ಬೀಳುವುದಿಲ್ಲ. ಇಲ್ಲವೇ ಅಜ್ಜಿಯ ಮಾತು ಆದ ಮೇಲೆ ವಿವರಣೆ ಕೊಡುತ್ತಾರೆ, ಆಗಲೂ ನಗು ಸತ್ತಿತು. ಮೊದಲು “ಜಾತ್ರೆ ಎರಡು ವರ್ಷಕ್ಕೊಮ್ಮೆ”, ಆಮೇಲೆ ಅವಳ ಮಾತು, ಆಮೇಲೆ ಒಂದು ಉಸಿರು ಸುಮ್ಮನಿರುವುದು.

ಹಟಕ್ಕೆ ಮಾವಿನ ಮಿಡಿಯ ಕತೆ ಇದೆ, ಆದರೆ ಮೂರು ಕಡೆ ಹರಡಿದೆ: ಒಂದು ಕಡೆ ರುಚಿಗೆ, ಒಂದು ಕಡೆ ಮಗಳಂದಿರ ಮನೆಗೆ ಕಳಿಸಿದ್ದಕ್ಕೆ, ಇನ್ನೊಂದು ಕಡೆ ವ್ಯಾಪಾರಿಯ ಜೊತೆಗಿನ ಜಗಳಕ್ಕೆ. ಉಳಿಸಬೇಕಾದ್ದು ಜಗಳ. ವ್ಯಾಪಾರಿ ಐನೂರು ಅಪ್ಪೆಮಿಡಿ ತಂದ. ಅಮ್ಮಮ್ಮ ಒಂದರ ತೊಟ್ಟು ಮುರಿದು ಸೊನೆ ಮೂಸಿದಳು, ಇನ್ನೊಂದನ್ನು ತಿರುಗಿಸಿ ನೋಡಿದಳು. “ಬಿದ್ದ ಮಿಡಿ ಭರಣಿಗೆ ಬ್ಯಾಡ” ಅಂತ ಕೂತು ಅರವತ್ತು ಮಿಡಿ ಹೊರಗಿಟ್ಟಳು. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಭರಣಿಯಲ್ಲಿ ಮೆತ್ತಗಾಗುತ್ತದೆ, ಒಂದು ಕೆಟ್ಟರೆ ಉಳಿದದ್ದೂ ಕೆಡುತ್ತದೆ. ಇಷ್ಟು ಕಾರಣ ಹೇಳದಿದ್ದರೆ ಅಜ್ಜಿ ಬರೇ ಜಗಳಗಂಟಿಯಾಗಿ ಕಾಣುತ್ತಾಳೆ. ಹಟದ ಕತೆಯಲ್ಲಿ ಕಾರಣ ಕತ್ತರಿಸಬಾರದು. ಅಂದಹಾಗೆ, ಸೊಸೆಯ ಜೊತೆಗಿನ ಜಗಳ ಎಷ್ಟೇ ತಮಾಷೆಯಾಗಿದ್ದರೂ ಆ ಸೊಸೆ ಒಪ್ಪದೆ ಸಭೆಗೆ ತರಬೇಡಿ.

ಕಷ್ಟ ಅನ್ನುವ ಪದದ ಅಡಿಯಲ್ಲಿ ಇನ್ನೂರು ಪದ ಬರೇ ಆಸ್ಪತ್ರೆ. ಕೊನೆಯ ಹನ್ನೊಂದು ದಿನ, ಡ್ರಿಪ್, ಡಾಕ್ಟರು ಹೇಳಿದ್ದು. ಎದುರಿಗೆ ಕೂತವರಲ್ಲಿ ಹೆಚ್ಚಿನವರು ಅಲ್ಲಿಗೆ ಬಂದು ಹೋದವರೇ. ಒಂದು ಸಾಲು ಸಾಕು: “ಕೊನೆಯ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು.” ಕರಡಿನಲ್ಲಿ ಇದ್ದ ಹದಿನೆಂಟು ನೆಂಟರ ಹೆಸರು ಆಮಂತ್ರಣ ಪತ್ರಿಕೆಯಲ್ಲೇ ಇರುತ್ತದೆ, ಅದೂ ಬೇಡ.

ಹಾಗಾದರೆ ಭಾವನೆಯೇ ಬೇಡವೇ? ಬೇಕು, ಒಂದು ವಾಕ್ಯ, ಕತೆಯ ನಂತರ. ಮೊದಲೇ “ನನ್ನ ಕಣ್ಣು ತುಂಬಿ ಬರುತ್ತಿದೆ” ಅಂದರೆ ಕೇಳುವವರಿಗೆ ತುಂಬಲು ಏನೂ ಉಳಿಯುವುದಿಲ್ಲ. ಪುನರುಕ್ತಿಯನ್ನೂ ಪೂರ್ತಿ ಓಡಿಸಬೇಕಾಗಿಲ್ಲ. “ಆಸ್ರಿಗೆ ಎಂತ ಬೇಕು” ಎರಡು ಸಲ ಬರಲಿ: ಬಸ್ಸಿನ ರಾತ್ರಿ ಒಮ್ಮೆ, ಆಸ್ಪತ್ರೆಯ ಸಾಲಿನ ಪಕ್ಕ ಒಮ್ಮೆ, ನೋಡಲು ಬಂದವರನ್ನು ಮಂಚದಿಂದಲೇ ಕೇಳಿದಳು ಅಂತ. ಮೂರನೇ ಸಲ ಬಂದರೆ ಅದು ನಾಟಕದ ಡೈಲಾಗು.

ಆ ಎರಡನೇ ಸಲ ಓದುವಾಗಲೇ ಗಂಟಲು ಕಟ್ಟುವುದು. ಮನೆಯಲ್ಲಿ ಎರಡು ಸಲ ಗಟ್ಟಿಯಾಗಿ ಓದಿ, ಎಲ್ಲಿ ಕಟ್ಟುತ್ತದೋ ಅಲ್ಲಿ ವಾಕ್ಯವನ್ನು ಮುರಿದು ಚಿಕ್ಕದು ಮಾಡಿ. ಅಕ್ಷರ ದೊಡ್ಡದಿರಲಿ, 16 ಪಾಯಿಂಟ್, ಸಾಲಿನ ನಡುವೆ ಜಾಗ ಬಿಟ್ಟು. ಇನ್ನೊಂದು ಪ್ರತಿ ತಂಗಿಯ ಕೈಯಲ್ಲಿರಲಿ, ನಿಂತುಹೋದರೆ ಅವಳು ಮುಂದುವರಿಸುತ್ತಾಳೆ.

ಕರಡಿನ ಕೊನೆ “ಅಮ್ಮಮ್ಮಾ, ಮುಂದಿನ ಜನ್ಮದಲ್ಲೂ ನಮ್ಮ ಅಮ್ಮಮ್ಮನಾಗಿ ಹುಟ್ಟಿ ಬಾ”. ಅದನ್ನು ತೆಗೆದು, ಮಿಡಿಯ ಕತೆಯನ್ನು ನಡುವಿನಿಂದ ಎತ್ತಿ ಕೊನೆಗೆ ತಂದು, ಒಂದೇ ಸಾಲು ಸೇರಿಸಿದ್ದಾಯಿತು: “ಇವತ್ತು ನಿಮ್ಮ ಎಲೆಯ ತುದಿಗೆ ಬಡಿಸುವ ಮಿಡಿ ಅವಳೇ ಹಾಕಿದ ಭರಣಿಯದ್ದು.” ಒಟ್ಟು 480 ಪದಕ್ಕೆ ಬಂತು. ಇದಾದ ಮೇಲೆ “ಇಷ್ಟು ಹೇಳಿ ನನ್ನ ಎರಡು ಮಾತು ಮುಗಿಸುತ್ತೇನೆ” ಅನ್ನುವುದು ಬಾಯಿಗೆ ತಾನಾಗಿ ಬರುತ್ತದೆ. ಬಾರದಿರಲಿ ಅಂತ ಹಾಳೆಯ ಕೊನೆಗೆ ಪೆನ್ಸಿಲಿನಲ್ಲಿ ದೊಡ್ಡದಾಗಿ ಬರೆದಿಡಿ: ಕೂತ್ಕೊ.