ಬಂದವರ ಬೆನ್ನಿಗೇ ದುಡ್ಡು ಸುರಿಯಬೇಡಿ

ನಮಸ್ಕಾರ. ಹೋದ ವಿಡಿಯೋಗೆ ಬಂದ ಒಂದು ಕಮೆಂಟ್ ಓದಿ ತಡೆಯಲಾಗಲಿಲ್ಲ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸಿ ಆನ್‌ಲೈನ್‌ನಲ್ಲಿ ಮಾರುವ ಹುಡುಗ ಬರೆದಿದ್ದಾನೆ: "ಅಣ್ಣಾ, ರಿಟಾರ್ಗೆಟಿಂಗ್‌ನಲ್ಲಿ ರೂಪಾಯಿಗೆ ಎಂಟು ಬರ್ತಿದೆ, ಹೊಸಬರ ಆ್ಯಡ್‌ನಲ್ಲಿ ಎರಡೂ ಬರಲ್ಲ. ತಿಂಗಳಿಗೆ ಇರೋದೇ 30 ಸಾವಿರ. 15 ರಿಟಾರ್ಗೆಟಿಂಗ್‌ಗೆ, 9 ಗೂಗಲ್‌ನಲ್ಲಿ ನಮ್ಮ ಬ್ರ್ಯಾಂಡ್ ಹೆಸರಿನ ಸರ್ಚ್ ಆ್ಯಡ್‌ಗೆ, 6 ಹೊಸಬರಿಗೆ. ಸರಿ ಅಲ್ವಾ?"

ಸರಿ ಇಲ್ಲ ತಮ್ಮಾ. ರಿಟಾರ್ಗೆಟಿಂಗ್ ಅಂದರೆ ಸೈಟಿಗೆ ಬಂದು ಹೋದವರಿಗೇ ಮತ್ತೆ ಆ್ಯಡ್ ತೋರಿಸೋದು. ಆ ಎಂಟು ರೂಪಾಯಿ ಮಾರಾಟದಲ್ಲಿ ಬಹುಪಾಲು ಆ್ಯಡ್ ಇಲ್ಲದಿದ್ದರೂ ಬರುತ್ತಿತ್ತು. ಬೆಂಗಳೂರು ರೋಡಿನಲ್ಲಿ ಅಂಗಡಿ ಮೆಟ್ಟಿಲು ಹತ್ತುತ್ತಿರುವವನ ಕೈಗೆ ಪಾಂಪ್ಲೆಟ್ ಕೊಟ್ಟು, ಈ ಗಿರಾಕಿ ನಾನು ತಂದವನು ಅಂದ ಹಾಗೆ. ಮೆಟಾದ ಮಾಮೂಲು ಸೆಟ್ಟಿಂಗ್‌ನಲ್ಲಿ, ಆ್ಯಡನ್ನು ಸುಮ್ನೆ ನೋಡಿದವನು ಒಂದು ದಿನದೊಳಗೆ ಕೊಂಡರೂ ಅದು ಆ್ಯಡ್‌ನ ಮಾರಾಟವೇ.

ಲೆಕ್ಕ ಹಾಕೋಣ. ನಿನ್ನ ಸೈಟಿಗೆ ತಿಂಗಳಿಗೆ 4,000 ಜನ ಬರುತ್ತಾರೆ ಅಂದುಕೊ. ಸಾವಿರ ಸಲ ಆ್ಯಡ್ ತೋರಿಸಲು 150 ರೂಪಾಯಿ. 15 ಸಾವಿರಕ್ಕೆ ಒಂದು ಲಕ್ಷ ಸಲ. ಅಂದರೆ ತಲೆಗೆ 25 ಸಲ ಅದೇ ಪ್ಯಾಂಟು! ಆರು ಸಲ ಸಾಕು ನನ್ನ ಪ್ರಕಾರ. ಅದಕ್ಕೆ 3,600 ರೂಪಾಯಿ ಆಗುತ್ತದೆ. ಮೆಟಾದ ಆ್ಯಡ್ಸ್ ಮ್ಯಾನೇಜರ್‌ನಲ್ಲಿ, ತಲೆಗೆ ಎಷ್ಟು ಸಲ ಆ್ಯಡ್ ಹೋಯ್ತು ಅನ್ನೋ ಫ್ರೀಕ್ವೆನ್ಸಿ ಕಾಲಂ ನೋಡು, ಗೊತ್ತಾಗುತ್ತದೆ.

"ಬ್ರ್ಯಾಂಡ್ ಸರ್ಚ್ ನಿಲ್ಲಿಸಿದರೆ ಬೇರೆಯವರು ನಮ್ಮ ಹೆಸರಿಗೆ ಬಿಡ್ ಮಾಡ್ತಾರೆ" ಅನ್ನುತ್ತಾರೆ. ಮಾಡುತ್ತಿದ್ದಾರಾ? ಹೆಸರು ಟೈಪ್ ಮಾಡಿ ನೋಡು. ಯಾರೂ ಇಲ್ಲದಿದ್ದರೆ ಎರಡು ವಾರ ನಿಲ್ಲಿಸು. ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ನಿನ್ನ ಹೆಸರಿನ ಪುಕ್ಕಟೆ ಕ್ಲಿಕ್ ಏರಿ, ಒಟ್ಟು ಆರ್ಡರ್ ಅಷ್ಟೇ ಇದ್ದರೆ, ಆ ದುಡ್ಡು ದಂಡ. ಯಾರಾದರೂ ಇದ್ದರೆ 2 ಸಾವಿರ ಇಡು, ಅಷ್ಟೇ.

ಉಳಿದ 24 ಸಾವಿರ ಹೊಸಬರಿಗೆ. ಹೌದು, 24! ಆ ಕ್ಯಾಂಪೇನ್‌ನಿಂದ ಹಳೇ ಗಿರಾಕಿಗಳನ್ನೂ ಸೈಟಿಗೆ ಬಂದವರನ್ನೂ ಎಕ್ಸ್‌ಕ್ಲೂಡ್ ಮಾಡು. ಇಲ್ಲದಿದ್ದರೆ ಅದೂ ಹೋಗಿ ಅವರನ್ನೇ ಹಿಡಿಯುತ್ತದೆ, ಸುಲಭದ ಮಾರಾಟ ಅಲ್ಲೇ ಇರೋದು.

"ಮೊದಲ ತಿಂಗಳು ರಿಪೋರ್ಟ್ ಬೀಳುತ್ತೆ ಅಣ್ಣಾ." ಬೀಳಲಿ! ರಿಪೋರ್ಟ್ ನೋಡಿ ದರ್ಜಿಗೆ ಕೂಲಿ ಕೊಡುತ್ತೀಯಾ? ರಿಟರ್ನ್ ಬಂದ ಕ್ಯಾಶ್ ಆನ್ ಡೆಲಿವರಿ ಪಾರ್ಸೆಲ್ ಕಳೆದು, ಕೈಗೆ ಬಂದ ಮಾರಾಟವನ್ನು 30 ಸಾವಿರದಿಂದ ಭಾಗಿಸು. ಹೊಸ ಫೋನ್ ನಂಬರ್‌ಗಳಿಂದ ಎಷ್ಟು ಆರ್ಡರ್ ಬಂತು ಎಣಿಸು. ಈ ಎರಡೇ ಲೆಕ್ಕ.

ಹೊಸಬರು ಬರದಿದ್ದರೆ ರಿಟಾರ್ಗೆಟ್ ಮಾಡೋದು ಯಾರನ್ನ? ಗೋಡೆಯನ್ನಾ? ಈ ಹಂಚಿಕೆಯ ಶೀಟ್ ಕೆಳಗೆ ಡಿಸ್ಕ್ರಿಪ್ಶನ್‌ನಲ್ಲಿದೆ, ಪುಕ್ಕಟೆ. ರಾಯಚೂರು, ಕೊಪ್ಪಳದವರೂ ನಿಮ್ಮ ಫ್ರೀಕ್ವೆನ್ಸಿ ಎಷ್ಟಿದೆ ಕಮೆಂಟ್‌ನಲ್ಲಿ ಹಾಕಿ. ಹತ್ತು ದಾಟಿದವರ ಜೊತೆ ಮುಂದಿನ ವಾರ ಲೈವ್‌ನಲ್ಲಿ ಕೂರುತ್ತೇನೆ. ಸಬ್‌ಸ್ಕ್ರೈಬ್ ಮಾಡಿ.