‘ಮೊನ್ನೇನೇ ಹೇಳಿದ್ನಲ್ಲ’ ಎಂದು ಕೇಳಿಸುವ ಇಮೇಲ್

ಎಲ್ಲರಿಗೂ ನಮಸ್ಕಾರ. ಅಡಿಕೆ ಮಂಡಿಗಳಲ್ಲಿ ಪತ್ರವ್ಯವಹಾರ ನೋಡಿಕೊಳ್ಳುವವರು ಇಲ್ಲಿ ಹೆಚ್ಚಿದ್ದೀರಿ, ಉದಾಹರಣೆಯನ್ನೂ ಅಲ್ಲಿಂದಲೇ ತೆಗೆದುಕೊಳ್ಳೋಣ.

ಶಿವಮೊಗ್ಗದ ಮಂಡಿಯಿಂದ ಹೊರರಾಜ್ಯದ ಖರೀದಿದಾರರಿಗೆ ಮಾರ್ಚ್ 12ರಂದು ಮೇಲ್ ಹೋಗಿದೆ ಎಂದುಕೊಳ್ಳಿ. ರಾಶಿ 40 ಚೀಲ, 19ರ ಗುರುವಾರ ಲೋಡಿಂಗ್, ಜೊತೆಗೆ ತೂಕದ ಚೀಟಿ. ಎರಡು ದಿನ ಬಿಟ್ಟು ಅವರು ಕೇಳುತ್ತಾರೆ: ‘ಎಷ್ಟು ಚೀಲ, ಲಾರಿ ಯಾವತ್ತು?’ ಇಲ್ಲಿಂದ ಹೋಗುವ ಉತ್ತರ: ‘ಪರ್ ಮೈ ಲಾಸ್ಟ್ ಇಮೇಲ್, ಡೀಟೇಲ್ಸ್ ಆಲ್ರೆಡಿ ಸೆಂಟ್.’

ಬರೆದವರಿಗೆ ಇದು ಕಚೇರಿಯ ಇಂಗ್ಲಿಷ್, ಅಷ್ಟೆ. ಓದಿದವರಿಗೆ ಮಾತ್ರ ‘ಮೊನ್ನೇನೇ ಹೇಳಿದ್ನಲ್ಲ’ ಎಂದೇ ಕೇಳಿಸುತ್ತದೆ. ಎದುರು ಕೂತು ನಗುತ್ತಾ ಹೇಳಿದರೆ ಆ ‘ಅಲ್ಲ’ ಚುಚ್ಚುವುದಿಲ್ಲ. ಮೇಲ್‌ನಲ್ಲಿ ದನಿಯೂ ಇಲ್ಲ, ಮುಖವೂ ಇಲ್ಲ. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಅವರು ಕೇಳಿದ್ದು ಚೀಲದ ಲೆಕ್ಕ. ಸಿಕ್ಕಿದ್ದು ಅದು ಎಲ್ಲಿದೆ ಎಂಬ ಸೂಚನೆ, ಅದೂ ತಾರೀಖಿಲ್ಲದೆ. ಹುಡುಕುವ ಕೆಲಸ ಅವರ ತಲೆಗೆ ಬಂತು, ಓದಿಲ್ಲ ಎಂಬ ಆರೋಪವೂ ಬಂತು.

ಸರ್ಕಾರಿ ಪತ್ರದಲ್ಲಿ ‘ವಿಷಯ’ದ ಕೆಳಗೆ ‘ಉಲ್ಲೇಖ’ ಎಂಬ ಸಾಲಿರುತ್ತದೆ: ಪತ್ರದ ಸಂಖ್ಯೆ, ದಿನಾಂಕ. ಅದನ್ನು ಓದಿ ಯಾರೂ ಸಿಟ್ಟಾಗುವುದಿಲ್ಲ, ಏಕೆಂದರೆ ಅದು ಕಾಗದವನ್ನು ತೋರಿಸುತ್ತದೆ, ವ್ಯಕ್ತಿಯನ್ನಲ್ಲ. ಮೇಲ್‌ನಲ್ಲೂ ಅದೇ ದಾರಿ ಹಿಡಿಯಬಹುದು:

‘ರಾಶಿ 40 ಚೀಲ, ಮಾರ್ಚ್ 19ರ ಗುರುವಾರ ಲೋಡ್ ಆಗುತ್ತದೆ. ತೂಕದ ಚೀಟಿ 12ರ ಮೇಲ್‌ನಲ್ಲಿತ್ತು, ಅನುಕೂಲಕ್ಕೆ ಇಲ್ಲೂ ಲಗತ್ತಿಸಿದ್ದೇನೆ.’

ಉತ್ತರ ಮೊದಲು, ತಾರೀಖು ಆಮೇಲೆ. ಚೀಟಿಯನ್ನು ಮತ್ತೆ ಲಗತ್ತಿಸುವುದನ್ನು ಮರೆಯಬೇಡಿ. ಜಿಮೇಲ್, ಔಟ್‌ಲುಕ್ ಎರಡರಲ್ಲೂ ಫಾರ್ವರ್ಡ್ ಮಾಡಿದರೆ ಕಡತ ಜೊತೆಗೇ ಹೋಗುತ್ತದೆ, ರಿಪ್ಲೈ ಮಾಡಿದರೆ ಸಾಮಾನ್ಯವಾಗಿ ಹೋಗುವುದಿಲ್ಲ. ‘ಚೀಟಿ ಎಲ್ಲಿ?’ ಎಂಬ ಪ್ರಶ್ನೆ ಎಷ್ಟೋ ಸಲ ಹುಟ್ಟುವುದು ಇಲ್ಲೇ.

‘ನನ್ನ ಮೇಲ್ ನೋಡಿದಿರೋ ಇಲ್ಲವೋ’ ಎಂದು ಬರೆದರೆ ಮೃದುವಾಗುತ್ತದೆ ಎಂದು ಹಲವರು ನಂಬಿದ್ದಾರೆ. ಆಗುವುದಿಲ್ಲ. ಅಡೋಬಿ ಕಂಪನಿ 2018ರಲ್ಲಿ ಅಮೆರಿಕದ ಕಚೇರಿ ನೌಕರರನ್ನು ಕೇಳಿದಾಗ, ಅತಿ ಹೆಚ್ಚು ಕಿರಿಕಿರಿಯ ವಾಕ್ಯವೆಂದು ಮೊದಲ ಸ್ಥಾನ ಪಡೆದದ್ದು ಅದೇ ಅರ್ಥದ ಸಾಲು.

ಒಂದೇ ಪ್ರಶ್ನೆ ಮೂರನೇ ಸಲ ಬಂದರೆ ನಮ್ಮ ಮೊದಲ ಮೇಲನ್ನೇ ತೆರೆದು ನೋಡಬೇಕು. ಚೀಲದ ಲೆಕ್ಕ ದರ, ತೇವಾಂಶ, ಬಾಡಿಗೆಗಳ ಕೆಳಗೆ ಒಂಬತ್ತನೇ ಸಾಲಿನಲ್ಲಿ ಹೂತುಹೋಗಿದ್ದರೆ ತಪ್ಪು ಓದಿದವರದ್ದಲ್ಲ. ನನ್ನ ಮಟ್ಟಿಗೆ, ಅಂಥಲ್ಲಿ ಸರಿಯಾದ ಮಾತು ‘ಹಿಂದಿನ ಮೇಲ್‌ನಲ್ಲಿ ಇದು ಸ್ಪಷ್ಟವಾಗಿರಲಿಲ್ಲ’ ಎಂಬುದೇ.

ದರದ ತಕರಾರು ಎದ್ದಾಗ ಮಾತ್ರ ಹಿಂದಿನದನ್ನು ನೇರವಾಗಿ ಎತ್ತಿ ಹೇಳಲೇಬೇಕು. ಆಗಲೂ ‘ನಾನು’, ‘ಆಗಲೇ’ ಎರಡನ್ನೂ ಬಿಡಿ: ‘ಮಾರ್ಚ್ 12ರ ದರಪಟ್ಟಿಯ 3ನೇ ಸಾಲಿನಲ್ಲಿ ಬಾಡಿಗೆ ಖರೀದಿದಾರರದ್ದು ಎಂದಿದೆ.’ ಆ ಮೇಲ್‌ನ ಸಿಸಿಗೆ ಅವರ ಮಾಲೀಕರನ್ನು ಹೊಸದಾಗಿ ಸೇರಿಸಿದರೆ, ಇಷ್ಟು ಜಾಗ್ರತೆಯ ವಾಕ್ಯವೂ ದೂರಿನಂತೆ ಕೇಳಿಸಿಬಿಡುತ್ತದೆ.