"ಯೂಶುವಲ್ ಡಾಕ್ಯುಮೆಂಟ್ಸ್" ಅಂತ ಬಂದ ಮೇಲ್‌ಗೆ ಉತ್ತರ ಬರೆಯೋದು ಹೇಗೆ?

[ತೆರೆಯ ಮೇಲೆ: ಫೋನಿನಲ್ಲಿ ತೆರೆದಿರೋ ಒಂದು ಮೇಲ್, ಹೆಸರುಗಳನ್ನ ಮಸುಕು ಮಾಡಲಾಗಿದೆ]

ನಮಸ್ಕಾರ. ಮೂಡಿಗೆರೆ ಕಡೆಯ ಒಬ್ಬ ಕಾಫಿ ಬೆಳೆಗಾರರು ಈ ಮೇಲ್ ನನಗೆ ಕಳಿಸಿ, "ಸರ್, ಇದಕ್ಕೆ ಓಕೆ ಅಂತ ಹಾಕಿಬಿಡ್ಲಾ?" ಅಂತ ಕೇಳಿದ್ರು. ಹ್ಯಾಂಬರ್ಗ್‌ನ ಒಬ್ಬ ಖರೀದಿದಾರ ಬರೆದದ್ದು. ಸ್ಯಾಂಪಲ್ ಹಿಡಿಸಿದೆ, ಒಂದು ಕಂಟೈನರ್ ಬೇಕು, ದರ ಒಪ್ಪಿಗೆ ಇದೆ. ಕೊನೇ ಸಾಲು ನೋಡಿ: ಎಫ್‌ಒಬಿ, ಯೂಶುವಲ್ ಡಾಕ್ಯುಮೆಂಟ್ಸ್, ಪೇಮೆಂಟ್ ಸಿಎಡಿ. ಅಷ್ಟೇ.

ನಾನು ಹೇಳಿದೆ, ಓಕೆ ಹಾಕಬೇಡಿ. ಈ ಒಂದು ಸಾಲಿನಲ್ಲಿ ಮೂರು ಪ್ರಶ್ನೆ ಉತ್ತರ ಇಲ್ಲದೆ ಕೂತಿವೆ. ಅವು ಬೇರೆ ಬೇರೆ ಪ್ರಶ್ನೆನೂ ಅಲ್ಲ. ಸರಕು ಯಾರ ಹಡಗಿನಲ್ಲಿ ಹೋಗುತ್ತೆ ಅನ್ನೋದರ ಮೇಲೆ ನಿಮ್ಮ ಕೈಗೆ ಯಾವ ಕಾಗದ ಬರುತ್ತೆ ಅನ್ನೋದು ನಿಂತಿದೆ. ಆ ಕಾಗದದ ಮೇಲೆ ನಿಮ್ಮ ದುಡ್ಡು ನಿಂತಿದೆ.

[ತೆರೆಯ ಮೇಲೆ: 320 ಚೀಲ × 60 ಕೆಜಿ = 19,200 ಕೆಜಿ]

ಮೊದಲು ಎಷ್ಟು ದುಡ್ಡಿನ ಮಾತು ಅಂತ ನೋಡೋಣ. ಇಪ್ಪತ್ತು ಅಡಿ ಕಂಟೈನರ್‌ಗೆ ಅರುವತ್ತು ಕೆಜಿಯ 320 ಚೀಲ, ಅಂದ್ರೆ 19.2 ಟನ್. ಲೆಕ್ಕಕ್ಕೆ ಅಂತ ಕೆಜಿಗೆ 6.50 ಡಾಲರ್ ಇಟ್ಟುಕೊಳ್ಳೋಣ. ಒಟ್ಟು 1,24,800 ಡಾಲರ್. ಒಂದು ವರ್ಷದ ಫಸಲು ಪೂರ್ತಿ ಈ ಒಂದು ಪೆಟ್ಟಿಗೆಯೊಳಗೆ ಇರಬಹುದು.

ಈಗ ಎಫ್‌ಒಬಿ, ಅಂದ್ರೆ ಸರಕನ್ನ ಹಡಗಿಗೆ ಏರಿಸೋವರೆಗಿನ ಖರ್ಚು ನಮ್ಮದು, ಆಮೇಲಿನದ್ದು ಖರೀದಿದಾರನದ್ದು ಅನ್ನೋ ಷರತ್ತು. ಎಲ್ಲಿಯ ಎಫ್‌ಒಬಿ? ಬಂದರಿನ ಹೆಸರಿಲ್ಲದಿದ್ರೆ ಆ ಮೂರಕ್ಷರಕ್ಕೆ ಅರ್ಥವೇ ಇಲ್ಲ. ನಾನು ರಫ್ತು ಶುರು ಮಾಡಿದ ದಿನಗಳಲ್ಲಿ ಒಂದು ಕೊಟೇಶನ್‌ನಲ್ಲಿ ಬರೀ "ಎಫ್‌ಒಬಿ ಇಂಡಿಯಾ" ಅಂತ ಬರೆದಿದ್ದೆ. ಮನಸ್ಸಿನಲ್ಲಿದ್ದದ್ದು ಮಂಗಳೂರು, ಲಾರಿ ಬಾಡಿಗೆ ಲೆಕ್ಕ ಹಾಕಿದ್ದೂ ಅಲ್ಲೀವರೆಗೆ. ಖರೀದಿದಾರ ಹಡಗು ಬುಕ್ ಮಾಡಿದ್ದು ಕೊಚ್ಚಿಯಿಂದ. ಮಂಗಳೂರಿನಿಂದಾಚೆ ಇನ್ನೂ ನಾನೂರು ಕಿಲೋಮೀಟರ್. ಬಂದರು ಹೇಳದೆ ಬಿಟ್ಟದ್ದು ನಾನು, ಹಾಗಾಗಿ ಬಾಡಿಗೆ ಕೊಟ್ಟದ್ದೂ ನಾನೇ. ಅವತ್ತಿನಿಂದ ಈ ಸಾಲನ್ನ ಹೀಗೇ ಬರೀತೀನಿ:

```
FOB New Mangalore Port, India, Incoterms 2020
```

ಕೊನೆಯಲ್ಲಿ ಇಸವಿ ಯಾಕೆ? ಈ ಪದಗಳ ಅರ್ಥ ಹೇಳೋ ನಿಯಮಗಳನ್ನ ಪ್ಯಾರಿಸ್‌ನಲ್ಲಿರೋ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ ಪ್ರಕಟಿಸುತ್ತೆ, ಆಗಾಗ ಪರಿಷ್ಕರಿಸುತ್ತೆ. 2010ರದ್ದೂ ಇದೆ, 2020ರದ್ದೂ ಇದೆ. ಇಬ್ಬರೂ ಒಂದೇ ಪುಸ್ತಕ ನೋಡ್ತಿದ್ದೀವಿ ಅಂತ ಖಾತ್ರಿ ಮಾಡ್ಕೊಳ್ಳೋದಕ್ಕೆ ಇಸವಿ.

ಎಫ್‌ಒಬಿಯಲ್ಲಿ ಸರಕು ಹಡಗಿನ ಮೇಲೆ ಏರೋವರೆಗೂ ಜವಾಬ್ದಾರಿ ನಮ್ಮದು. ಆದರೆ ಕಂಟೈನರ್ ವ್ಯಾಪಾರದಲ್ಲಿ ನಾವು ಹಡಗಿನ ಹತ್ತಿರ ಹೋಗೋದೇ ಇಲ್ಲ. ಕಾಫಿ ಹದಮಾಡೋ ಕ್ಯೂರಿಂಗ್ ವರ್ಕ್ಸ್‌ನಲ್ಲಿ ತುಂಬಿ, ಸೀಲ್ ಹಾಕಿ, ಬಂದರಿನ ಯಾರ್ಡ್‌ಗೆ ಒಪ್ಪಿಸಿ ಬರ್ತೀವಿ. ಹಡಗು ನಾಲ್ಕು ದಿನ ತಡ ಆಯ್ತು, ಆಷಾಢದ ಮಳೆಗೆ ಪೆಟ್ಟಿಗೆಯ ಸಣ್ಣ ತೂತಿನಿಂದ ನೀರು ಇಳೀತು ಅಂದ್ರೆ ಆ ನಷ್ಟ ನಮ್ಮ ತಲೆ ಮೇಲೆ. ಕಂಟೈನರ್ ಸರಕಿಗೆ ಸರಿಯಾದ ಪದ ಎಫ್‌ಸಿಎ, ಅದರಲ್ಲಿ ಹಡಗು ಕಂಪನಿಯ ಕೈಗೆ ಒಪ್ಪಿಸಿದಲ್ಲಿಗೆ ಜವಾಬ್ದಾರಿ ಮುಗೀತು. ನಾನು ಮೊದಲು ಎಫ್‌ಸಿಎ ಕೇಳ್ತೀನಿ. ಆದರೆ ಕಾಫಿಯವರಿಗೆ ಎಫ್‌ಒಬಿ ಹಳೇ ರೂಢಿ, ತುಂಬ ಜನ ಬಿಡಲ್ಲ. ಆಗ ಕ್ಯೂರಿಂಗ್ ವರ್ಕ್ಸ್‌ನಿಂದ ಹಡಗು ಏರೋವರೆಗೆ ನಮ್ಮದೇ ಒಂದು ವಿಮೆ ಮಾಡಿಸಿಬಿಡ್ತೀನಿ.

[ತೆರೆಯ ಮೇಲೆ: ಬಿಲ್ ಆಫ್ ಲೇಡಿಂಗ್‌ನ ಮಾದರಿ, ಎಡಗಡೆಯ ಮೇಲಿನ ಎರಡು ಚೌಕಗಳನ್ನ ದೊಡ್ಡದು ಮಾಡಿ ತೋರಿಸಿ]

ಈಗ ನಿಜವಾದ ಗಂಟಿಗೆ ಬರ್ತೀನಿ. ಎಫ್‌ಒಬಿ ಆಗಲಿ ಎಫ್‌ಸಿಎ ಆಗಲಿ, ಹಡಗು ಬುಕ್ ಮಾಡೋದು ಖರೀದಿದಾರ. ಅವರು ತಮಗೆ ಗೊತ್ತಿರೋ ಒಬ್ಬ ಫಾರ್ವರ್ಡರ್‌ನ, ಅಂದ್ರೆ ಸರಕು ಸಾಗಣೆ ನೋಡಿಕೊಳ್ಳೋ ಏಜೆಂಟ್‌ನ, ನೇಮಿಸ್ತಾರೆ. ಆ ಫಾರ್ವರ್ಡರ್ ಹಡಗು ಕಂಪನಿಯಿಂದ ಬಿಲ್ ಆಫ್ ಲೇಡಿಂಗ್, ಅಂದ್ರೆ ಸರಕು ಒಪ್ಪಿಸಿದ್ದಕ್ಕೆ ರಸೀದಿಯೂ ಅದನ್ನ ಬಿಡಿಸೋ ಹಕ್ಕುಪತ್ರವೂ ಆದ ಬಿಎಲ್ ತಗೊಂಡು, ಅದನ್ನ ತನ್ನ ಹತ್ರ ಇಟ್ಕೊಂಡು, ನಮಗೆ ತನ್ನದೇ ಹೆಸರಿನ ಇನ್ನೊಂದು ಬಿಎಲ್ ಕೊಡ್ತಾನೆ. ಇದಕ್ಕೆ ಹೌಸ್ ಬಿಎಲ್ ಅಂತಾರೆ. ನೋಡೋಕೆ ಎರಡೂ ಒಂದೇ ತರ. ಆದರೆ ಬಂದರಿನಲ್ಲಿ ಸರಕು ಬಿಡಿಸೋ ಕಾಗದ ಹಡಗು ಕಂಪನಿಯದ್ದು, ಅದು ಖರೀದಿದಾರನ ಕಡೆಯವನ ಕೈಯಲ್ಲಿದೆ. ಅವನು ಪ್ರಾಮಾಣಿಕನಾಗಿದ್ರೆ ತೊಂದರೆ ಇಲ್ಲ. ಇಲ್ಲದಿದ್ರೆ ನಮ್ಮ ಮೂಲ ಪ್ರತಿ ಬ್ಯಾಂಕ್‌ನಲ್ಲಿ ಇರುವಾಗಲೇ ಅಲ್ಲಿ ಕಾಫಿ ಗೋಡೌನ್ ಸೇರಿರುತ್ತೆ.

ಅದಕ್ಕೇ ಮೇಲ್‌ನಲ್ಲಿ ಕೇಳಬೇಕಾದ್ದು ಹೀಗೆ. ನಾವು ಕಳಿಸೋದು ಇಂಗ್ಲಿಷ್‌ನಲ್ಲಿ, ನಾನು ಕನ್ನಡದಲ್ಲಿ ಓದ್ತೀನಿ: "ನೀವು ನೇಮಿಸುವ ಫಾರ್ವರ್ಡರ್‌ನ ಹೆಸರು ಮತ್ತು ಹಡಗು ಕಂಪನಿಯ ಹೆಸರನ್ನು ಕಂಟೈನರ್ ತುಂಬುವ ಮೊದಲು ತಿಳಿಸಿ. ಹಡಗು ಕಂಪನಿಯೇ ಕೊಟ್ಟ, ಸರಕು ಹಡಗು ಏರಿದೆ ಎಂದು ನಮೂದಿಸಿದ ಬಿಲ್ ಆಫ್ ಲೇಡಿಂಗ್‌ನ ಮೂರೂ ಮೂಲ ಪ್ರತಿಗಳು ನಮ್ಮ ಕೈಗೆ ಬರಬೇಕು. ಕಳಿಸುವವರ ಜಾಗದಲ್ಲಿ ನಮ್ಮ ಹೆಸರಿರಬೇಕು."

ಇನ್ನು ಪಡೆಯುವವರ ಚೌಕ. ಅಲ್ಲಿ ನೇರ ಖರೀದಿದಾರನ ಹೆಸರು ಬರೆದರೆ ಸರಕಿನ ಮೇಲಿನ ಹಿಡಿತ ಸಡಿಲ ಆಗುತ್ತೆ. `To Order` ಅಂತ ಬರೆಸಿ, ಹಿಂದುಗಡೆ ನಾವು ಸಹಿ ಹಾಕಿ ಬ್ಯಾಂಕ್‌ಗೆ ಕೊಟ್ರೆ, ಆ ಕಾಗದ ಯಾರ ಕೈಲಿದೆಯೋ ಸರಕು ಅವರದ್ದು. ದುಡ್ಡು ಬರೋವರೆಗೆ ಅದು ಬ್ಯಾಂಕ್‌ನ ಕೈಲಿರಲಿ. ಕೆಲವರು ಸಲೀಸಾಗಿ ಕೇಳ್ತಾರೆ, ಎರಡು ಪ್ರತಿ ಬ್ಯಾಂಕ್‌ಗೆ ಹಾಕಿ, ಒಂದನ್ನ ನಮಗೆ ಕೊರಿಯರ್ ಮಾಡಿ, ಬೇಗ ಕೆಲಸ ಆಗುತ್ತೆ ಅಂತ. ಮೂರರಲ್ಲಿ ಯಾವುದಾದ್ರೂ ಒಂದು ತೋರಿಸಿದ್ರೆ ಸಾಕು, ಸರಕು ಬಿಡ್ತಾರೆ. ಮೊದಲ ವ್ಯವಹಾರದಲ್ಲಿ ಇದಕ್ಕೆ ಒಪ್ಪಲೇಬಾರದು.

[ತೆರೆಯ ಮೇಲೆ: ಮೇಜಿನ ಮೇಲೆ ಹರಡಿದ ಕಾಗದಗಳು]

ಯೂಶುವಲ್ ಡಾಕ್ಯುಮೆಂಟ್ಸ್ ಅಂದ್ರೆ ಇನ್ನೇನೇನು? ಇನ್ವಾಯ್ಸ್, ಪ್ಯಾಕಿಂಗ್ ಲಿಸ್ಟ್ ನಾವೇ ಮಾಡೋದು, ತಪ್ಪಾದ್ರೆ ಹೊಸದು ಮಾಡ್ಬಹುದು. ಕಾಫಿ ಯಾವ ದೇಶದ್ದು ಅಂತ ಹೇಳೋ, ಕಾಫಿ ಬೋರ್ಡ್ ಮೂಲಕ ಸಿಗೋ ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ, ಅಂದ್ರೆ ಐಸಿಒ ಪ್ರಮಾಣಪತ್ರ ಇದ್ದೇ ಇರುತ್ತೆ. ಹುಷಾರಾಗಿರಬೇಕಾದ್ದು ಹಡಗು ಹೊರಟ ಮೇಲೆ ಮಾಡಿಸೋಕೆ ಆಗದ ಕಾಗದಗಳ ವಿಷಯದಲ್ಲಿ. ಸಸ್ಯ ಆರೋಗ್ಯ ಪ್ರಮಾಣಪತ್ರಕ್ಕೆ ಅಧಿಕಾರಿ ಸರಕನ್ನ ನೋಡಬೇಕು. ಫ್ಯೂಮಿಗೇಶನ್ ಸರ್ಟಿಫಿಕೇಟ್‌ಗೆ ಕಾಫಿಗೆ ನಿಜವಾಗಿ ಹೊಗೆ ಹಾಕಬೇಕು. ಕಂಟೈನರ್ ಕೊಲಂಬೊ ದಾಟಿದ ಮೇಲೆ "ಅದೂ ಬೇಕಿತ್ತು" ಅಂತ ಮೇಲ್ ಬಂದ್ರೆ ಮಾಡೋಕೆ ಏನೂ ಉಳಿದಿರಲ್ಲ.

ಯುರೋಪಿಗೆ ಕಳಿಸೋರು ಇನ್ನೊಂದನ್ನ ಈಗಲೇ ಕೇಳಿಟ್ಟುಕೊಳ್ಳಿ. ಕಾಡು ಕಡಿದ ಜಾಗದಲ್ಲಿ ಬೆಳೆದದ್ದಲ್ಲ ಅಂತ ತೋರಿಸಬೇಕು ಅನ್ನೋ ಐರೋಪ್ಯ ಒಕ್ಕೂಟದ ಕಾನೂನು 2023ರಲ್ಲಿ ಬಂತು, ಕಾಫಿಯೂ ಅದರ ಪಟ್ಟಿಯಲ್ಲಿದೆ. ಅದಕ್ಕೆ ತೋಟದ ಅಕ್ಷಾಂಶ ರೇಖಾಂಶ ಬೇಕು. ತೋಟ 4 ಹೆಕ್ಟೇರ್‌ಗಿಂತ ದೊಡ್ಡದಿದ್ರೆ ಒಂದು ಬಿಂದು ಸಾಲದು, ಗಡಿ ಸುತ್ತಿ ಗುರುತು ಮಾಡ್ಬೇಕು. ನಿಮ್ಮ ಲಾಟ್‌ನಲ್ಲಿ ಹತ್ತು ಜನರ ಕಾಫಿ ಸೇರಿದ್ರೆ ಹತ್ತೂ ಜನರದ್ದು ಬೇಕು. ಇದು ಒಂದೆರಡು ದಿನದ ಕೆಲಸ ಅಲ್ಲ.

ಹಾಗಾಗಿ ಮೇಲ್‌ನಲ್ಲಿ ನಮಗೆ ಗೊತ್ತಿರೋ ಪಟ್ಟಿ ನಾವೇ ಬರೆದು, ಪ್ರತಿಯೊಂದರ ಎದುರು ಎಷ್ಟು ಮೂಲ ಪ್ರತಿ ಅಂತ ಹಾಕಿ, ಈ ಸಾಲು ಸೇರಿಸ್ತೀನಿ: "ನಿಮ್ಮ ಕಸ್ಟಮ್ಸ್‌ಗೆ ಇದರ ಹೊರತಾಗಿ ಏನಾದರೂ ಬೇಕಿದ್ದರೆ ಈ ತಿಂಗಳ 20ರೊಳಗೆ ತಿಳಿಸಿ. 20ಕ್ಕೆ ಕಂಟೈನರ್ ತುಂಬುತ್ತೇವೆ, ಆಮೇಲೆ ಕೇಳಿದ್ದನ್ನು ಕೊಡಲು ಆಗುವುದಿಲ್ಲ." ಕಟುವಾಯ್ತು ಅಂತ ಬೆಳೆಗಾರರು ಹಿಂಜರಿದ್ರು. ಇಲ್ಲ, ಆ ಕಡೆಯವರಿಗೂ ಇದು ಅನುಕೂಲ. ತಮ್ಮ ಕಸ್ಟಮ್ಸ್ ಏಜೆಂಟ್‌ನ ಕೇಳೋಕೆ ಅವರಿಗೊಂದು ದಿನಾಂಕ ಸಿಕ್ತು.

[ತೆರೆಯ ಮೇಲೆ: 24,960 + 99,840 = 1,24,800]

ಕೊನೇದು ಸಿಎಡಿ, ಅಂದ್ರೆ ಕಾಗದ ಕೊಡಿ ದುಡ್ಡು ಕೊಡ್ತೀನಿ ಅಂತ. ಕಾಗದ ಯಾರ ಮೂಲಕ? ನೇರ ಕೊರಿಯರ್‌ನಲ್ಲಾ, ಬ್ಯಾಂಕ್ ಮೂಲಕವಾ? ಬ್ಯಾಂಕ್ ಮೂಲಕ ಅಂತ ಸ್ಪಷ್ಟವಾಗಿ ಬರೆಸ್ಕೊಳ್ಳಿ. ಆದರೆ ಒಂದು ತಿಳ್ಕೊಳ್ಳಿ, ಇಲ್ಲಿ ಬ್ಯಾಂಕ್ ಬರೀ ಮಧ್ಯವರ್ತಿ. ದುಡ್ಡು ಕೊಡದೆ ಕಾಗದ ಬಿಡಲ್ಲ, ಅಷ್ಟು ಮಾತ್ರ. ಖರೀದಿದಾರ "ಬೇಡ" ಅಂದ್ರೆ ಬ್ಯಾಂಕ್ ಏನೂ ಮಾಡಲ್ಲ. ಆಗ ಹ್ಯಾಂಬರ್ಗ್‌ನಲ್ಲಿ ದಿನದಿನಕ್ಕೆ ಬಾಡಿಗೆ ಏರ್ತಿರೋ ಕಂಟೈನರ್ ಜೊತೆ ನೀವು ಚಿಕ್ಕಮಗಳೂರಿನಲ್ಲಿ ಕೂತಿರ್ತೀರಿ. ಕಾಫಿ ದರ ಬಿದ್ದಾಗ ಇಂಥದ್ದು ಆಗುತ್ತೆ.

ಎಲ್‌ಸಿ, ಅಂದ್ರೆ ಲೆಟರ್ ಆಫ್ ಕ್ರೆಡಿಟ್ ಇದ್ದರೆ, ಸರಿಯಾದ ಕಾಗದ ಕೊಟ್ರೆ ದುಡ್ಡು ಕೊಡ್ತೀವಿ ಅಂತ ಬ್ಯಾಂಕೇ ಮಾತು ಕೊಟ್ಟಂಗೆ, ಆದರೆ ಅದಕ್ಕೆ ಖರ್ಚು ಇದೆ, ಕಾಗದದಲ್ಲಿ ಒಂದು ಪದ ಹೆಚ್ಚುಕಮ್ಮಿ ಆದ್ರೂ ತಕರಾರು. ಎಲ್‌ಸಿಗೆ ಹೋದ್ರೆ ಟ್ರಾನ್ಸ್‌ಶಿಪ್‌ಮೆಂಟ್‌ಗೆ ಅನುಮತಿ ಇದೆ ಅಂತ ಬರೆಸಿ, ಯಾಕಂದ್ರೆ ಮಂಗಳೂರಿನ ಕಂಟೈನರ್ ಸಾಮಾನ್ಯವಾಗಿ ಕೊಲಂಬೊದಲ್ಲಿ ಹಡಗು ಬದಲಿಸುತ್ತೆ. ಎಫ್‌ಸಿಎ ಆಗಿದ್ರೆ, ಹಡಗು ಏರಿದೆ ಅಂತ ನಮೂದಿಸಿದ ಬಿಎಲ್ ನಮಗೆ ಕೊಡೋ ಹಾಗೆ ಹಡಗು ಕಂಪನಿಗೆ ಖರೀದಿದಾರನೇ ಸೂಚನೆ ಕೊಡಬೇಕು ಅಂತಲೂ ಬರೆಸಿ. 2020ರ ನಿಯಮದಲ್ಲಿ ಅದಕ್ಕೆ ಅವಕಾಶ ಇದೆ. ಇಲ್ಲದಿದ್ರೆ ಎಲ್‌ಸಿ ಕೇಳೋ ಕಾಗದವೇ ನಮಗೆ ಸಿಗದೆ ಹೋಗಬಹುದು.

ಈ ಬೆಳೆಗಾರರಿಗೆ ನಾನು ಸೂಚಿಸಿದ್ದು ನಡುದಾರಿ: ಶೇ. 20 ಮುಂಗಡ, ಉಳಿದದ್ದು ಬ್ಯಾಂಕ್ ಮೂಲಕ ಕಾಗದದ ಎದುರು. 24,960 ಡಾಲರ್ ಮೊದಲೇ ಕೈಲಿದ್ರೆ, ಕೆಟ್ಟ ಗಳಿಗೆಯಲ್ಲಿ ಬಂದರು ಬಾಡಿಗೆ ಕಟ್ಟಿ ಬೇರೆ ಗಿರಾಕಿ ಹುಡುಕೋಕೆ ಉಸಿರಾಡೋ ಜಾಗ ಇರುತ್ತೆ. ಮುಂಗಡ ಕೊಟ್ಟವನೂ ಸುಮ್ಮನೆ ಬೇಡ ಅನ್ನಲ್ಲ. ಬ್ಯಾಂಕ್ ಖಾತೆಯ ವಿವರದ ಕೆಳಗೆ ಇದನ್ನ ತಪ್ಪದೆ ಹಾಕಿ: "ಈ ಖಾತೆ ಬದಲಾಗಿದೆ ಎಂದು ಮೇಲ್ ಬಂದರೆ ನಂಬಬೇಡಿ, ನಿಮ್ಮ ಬಳಿ ಮೊದಲಿನಿಂದ ಇರುವ ನಂಬರಿಗೆ ಫೋನ್ ಮಾಡಿ ಕೇಳಿ." ಮೇಲ್ ಹ್ಯಾಕ್ ಮಾಡಿ ಖಾತೆ ನಂಬರ್ ಬದಲಿಸೋ ಕಳ್ಳರು ಕಾಯ್ತಾ ಇರೋದು ಇದೇ ಹಂತಕ್ಕೆ.

[ತೆರೆಯ ಮೇಲೆ: ಖರೀದಿದಾರನ ಉತ್ತರ]

ಎರಡು ದಿನಕ್ಕೆ ಉತ್ತರ ಬಂತು. ಮುಂಗಡ ಶೇ. 15 ಮಾಡಿ ಅಂದ್ರು, ಬಂದರಿಗೆ ಒಪ್ಪಿದ್ರು, ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು ಅಂದ್ರು. ಫಾರ್ವರ್ಡರ್ ವಿಷಯ ಮಾತ್ರ ಮುಟ್ಟಲೇ ಇಲ್ಲ. ಬೆಳೆಗಾರರಿಗೆ ಶೇ. 15 ಅಂದದ್ದೇ ಚಿಂತೆ. ನನಗೆ ಚಿಂತೆ ಆ ಮೌನದ್ದು. ಶೇ. 15ಕ್ಕೆ ಒಪ್ಪಿಕೊಳ್ಳಿ ಅಂದೆ, ಫಾರ್ವರ್ಡರ್ ಮತ್ತು ಬಿಎಲ್ ಪ್ರಶ್ನೆಯನ್ನ ಮಾತ್ರ ಇಟ್ಟು ಇನ್ನೊಂದು ಪುಟ್ಟ ಮೇಲ್ ಬರೆಸಿದೆ. ಅದಕ್ಕೆ ಹೆಸರು ಹಾಕಿ ಉತ್ತರ ಬಂದ ಮೇಲೆ, ಒಪ್ಪಿದ ಅಷ್ಟೂ ಮಾತುಗಳನ್ನ ಪದ ಬದಲಿಸದೆ ಪ್ರೊಫಾರ್ಮಾ ಇನ್ವಾಯ್ಸ್‌ಗೆ ಇಳಿಸಿ, ಇಬ್ಬರ ಸಹಿ ಆಯ್ತು. ಕ್ಯೂರಿಂಗ್ ವರ್ಕ್ಸ್‌ಗೆ ಚೀಲ ತುಂಬಿ ಅಂತ ಫೋನ್ ಹೋದದ್ದು ಅದಾದ ಮೇಲೆಯೇ.